ಸಂದರ್ಶಕ ಕೆಣಕಿದಾಗ: ಸ್ಟ್ರೆಸ್ ಇಂಟರ್ವ್ಯೂನಲ್ಲಿ ಮಾತು ಹದ ತಪ್ಪದಂತೆ ನೋಡಿಕೊಳ್ಳುವುದು

ರಾಣೆಬೆನ್ನೂರಿನ ಒಬ್ಬ ಹುಡುಗಿ, ಹೆಸರು ರೇಖಾ ಎಂದಿಟ್ಟುಕೊಳ್ಳೋಣ, ಬೆಂಗಳೂರಿನ ಖಾಸಗಿ ಬ್ಯಾಂಕೊಂದರಲ್ಲಿ ಸಾಲ ಮಾರುವ ಸೇಲ್ಸ್ ಆಫೀಸರ್ ಕೆಲಸದ ಸಂದರ್ಶನಕ್ಕೆ ಬಂದಿದ್ದಾಳೆ. ಬಿ.ಕಾಂ.ನಲ್ಲಿ 58 ಪರ್ಸೆಂಟ್. ಪದವಿ ಮುಗಿದ ಮೇಲೆ 14 ತಿಂಗಳು ನೌಕರಿ ಇಲ್ಲ. ಆ ಹೊತ್ತಿನಲ್ಲಿ ಬ್ಯಾಂಕ್ ಪರೀಕ್ಷೆಗಳಿಗೆ ಓದಿದ್ದಾಳೆ, ಚಿಕ್ಕಪ್ಪನ ಗೊಬ್ಬರದ ಅಂಗಡಿಯಲ್ಲಿ ರೈತರ ಉದ್ರಿ ಲೆಕ್ಕ ಬರೆದಿದ್ದಾಳೆ. ಒಳಗೆ ಇಬ್ಬರು ಕೂತಿದ್ದಾರೆ. ನಮಸ್ಕಾರ ಹೇಳಿದರೆ ಒಬ್ಬರು ಮೊಬೈಲ್‌ನಿಂದ ತಲೆ ಎತ್ತುವುದಿಲ್ಲ. ಇನ್ನೊಬ್ಬರು ರೆಸ್ಯೂಮೆಯನ್ನು ಮೇಜಿನ ಮೇಲೆ ಬಿಸಾಕಿ, "58 ಪರ್ಸೆಂಟ್ ತಗೊಂಡು ಬ್ಯಾಂಕಿಗೆ ಬಂದ್ಬಿಟ್ರಾ? 14 ತಿಂಗಳು ಮನೇಲಿ ಟಿವಿ ನೋಡ್ತಿದ್ರಾ?" ಎನ್ನುತ್ತಾರೆ.

ಈ ಲೇಖನ ಈ ಕೋಣೆಯೊಳಗಿನ ಇಪ್ಪತ್ತು ನಿಮಿಷದ ಬಗ್ಗೆ.

ಅಭ್ಯರ್ಥಿಯನ್ನು ಬೇಕೆಂದೇ ಕೆಣಕಿ ನೋಡುವ ಇಂಥ ಸ್ಟ್ರೆಸ್ ಇಂಟರ್ವ್ಯೂ ಹೆಚ್ಚಾಗಿ ಎದುರಾಗುವುದು ಬೈಗುಳ ತಿನ್ನುವುದು ದಿನದ ಪಾಡಾಗಿರುವ ಕೆಲಸಗಳಲ್ಲಿ: ಸೇಲ್ಸ್, ಸಾಲ ವಸೂಲಿ, ಕಾಲ್ ಸೆಂಟರ್, ಹೋಟೆಲಿನ ಫ್ರಂಟ್ ಆಫೀಸ್. ಸಾಲ ಬೇಡ ಎಂದು ಫೋನ್ ಕುಕ್ಕುವ ಗಿರಾಕಿಯ ಮುಂದೆ ಈ ಅಭ್ಯರ್ಥಿ ಹೇಗಿರುತ್ತಾಳೆ ಎಂದು ನೋಡುವುದು ಅವರ ಲೆಕ್ಕ. ಆ ಲೆಕ್ಕ ಎಷ್ಟು ಸರಿ ಎಂಬುದು ಬೇರೆ ಮಾತು. ನಮ್ಮ ಅಭಿಪ್ರಾಯದಲ್ಲಿ ಬಹಳಷ್ಟು ಕಡೆ ಇದು ಸಂದರ್ಶಕರ ಸೋಮಾರಿತನ. ಕೇಂದ್ರ ಲೋಕಸೇವಾ ಆಯೋಗ ತನ್ನ ನಾಗರಿಕ ಸೇವಾ ಪರೀಕ್ಷೆಯ ಅಧಿಸೂಚನೆಯಲ್ಲೇ ಸಂದರ್ಶನವೆಂದರೆ ಕಟ್ಟುನಿಟ್ಟಿನ ಪಾಟೀ ಸವಾಲು ಅಲ್ಲ, ಗುರಿಯಿಟ್ಟುಕೊಂಡ ಸಹಜ ಸಂಭಾಷಣೆ ಎಂದು ಹೇಳುತ್ತದೆ. ಆದರೆ ರೇಖಾ ಈಗ ಕೂತಿರುವುದು ಆ ಕೋಣೆಯಲ್ಲಲ್ಲ.

ಬೇಕೆಂದೇ ಒತ್ತಡ ಹಾಕುತ್ತಿದ್ದಾರೋ, ಮನುಷ್ಯನೇ ಒರಟೋ? ಬೇಕೆಂದೇ ಮಾಡುವವರ ಮಾತು ಸಾಮಾನ್ಯವಾಗಿ ರೆಸ್ಯೂಮೆಗೆ ಅಂಟಿಕೊಂಡಿರುತ್ತದೆ, ಒಬ್ಬರು ಕೆಣಕುವಾಗ ಇನ್ನೊಬ್ಬರು ಬರೆದುಕೊಳ್ಳುತ್ತಿರುತ್ತಾರೆ, ಕೊನೆಯ ಐದು ನಿಮಿಷದಲ್ಲಿ ದನಿ ತಟಕ್ಕನೆ ಮೆತ್ತಗಾಗುತ್ತದೆ. ಸ್ವಭಾವತಃ ಒರಟರಾದವರು ಟೀ ತಂದ ಹುಡುಗನ ಮೇಲೂ ರೇಗುತ್ತಾರೆ. ಇದನ್ನು ಹೊರಗೆ ಬಂದ ಮೇಲೆ ಬಿಡಿಸಿಕೊಳ್ಳಿ. ಒಳಗಿದ್ದಾಗ "ಇವರು ನಾಟಕ ಮಾಡ್ತಿದ್ದಾರಾ, ನಿಜವಾಗ್ಲೂ ಹೀಗೇನಾ" ಎಂದು ಯೋಚಿಸಲು ಹೊರಟರೆ ಪ್ರಶ್ನೆ ಕಿವಿಗೆ ಬೀಳುವುದಿಲ್ಲ. ಎರಡಕ್ಕೂ ಉತ್ತರಿಸುವ ಬಗೆ ಒಂದೇ.

ಹಿಂದಿನ ದಿನ: ನಿಮ್ಮ ರೆಸ್ಯೂಮೆಯನ್ನು ಶತ್ರುವಿನ ಕಣ್ಣಿನಿಂದ ಓದಿ

ಕೆಣಕುವವರು ಗಾಳಿಯಲ್ಲಿ ಕಲ್ಲು ಹೊಡೆಯುವುದಿಲ್ಲ. ರೆಸ್ಯೂಮೆಯಲ್ಲಿ ತೂತು ಎಲ್ಲಿದೆಯೋ ಅಲ್ಲಿಗೇ ಕೈ ಹಾಕುತ್ತಾರೆ. ಹೀಗಾಗಿ ಮುಕ್ಕಾಲು ಪಾಲು ಪ್ರಶ್ನೆಗಳನ್ನು ನೀವು ಹಿಂದಿನ ದಿನವೇ ಊಹಿಸಬಹುದು. ರೆಸ್ಯೂಮೆ ಎದುರಿಗಿಟ್ಟುಕೊಂಡು ಮೂರೇ ಮೂರು ದುರ್ಬಲ ಜಾಗ ಗುರುತಿಸಿ. ರೇಖಾಳ ಮಟ್ಟಿಗೆ ಅವು ಅಂಕ, 14 ತಿಂಗಳ ಖಾಲಿ ಜಾಗ ಮತ್ತು ಮಾರಾಟದ ಅನುಭವ ಇಲ್ಲದಿರುವುದು.

ಪ್ರತಿಯೊಂದಕ್ಕೂ ಮೂರು ವಾಕ್ಯದ ಉತ್ತರ ಸಿದ್ಧ ಮಾಡಿಕೊಳ್ಳಿ. ಮೊದಲ ವಾಕ್ಯದಲ್ಲಿ ನಿಜವನ್ನು ಒಪ್ಪಿಕೊಳ್ಳಬೇಕು, ಎರಡನೆಯದರಲ್ಲಿ ಆಗ ಮಾಡಿದ್ದೇನು ಎಂದು ಹೇಳಬೇಕು, ಮೂರನೆಯದು ಅದನ್ನು ಈ ಕೆಲಸಕ್ಕೆ ತಂದು ಕಟ್ಟಬೇಕು. ಖಾಲಿ ಜಾಗಕ್ಕೆ ರೇಖಾಳ ಉತ್ತರ ಹೀಗಿರಬಹುದು: "ಹೌದು ಸರ್, 14 ತಿಂಗಳು ನೌಕರಿ ಮಾಡಿಲ್ಲ. ಬ್ಯಾಂಕ್ ಪರೀಕ್ಷೆಯಲ್ಲಿ ಪ್ರಿಲಿಮ್ಸ್ ಪಾಸಾದೆ, ಮೇನ್ಸ್ ಆಗಲಿಲ್ಲ, ಜೊತೆಗೆ ಗೊಬ್ಬರದ ಅಂಗಡಿಯಲ್ಲಿ ಸುಮಾರು 40 ರೈತರ ಉದ್ರಿ ಲೆಕ್ಕ ನೋಡಿಕೊಂಡೆ. ಯಾರಿಗೆ ಸಾಲ ಕೊಡಬಹುದು, ಬಾಕಿ ಕೇಳೋದು ಹೇಗೆ ಅನ್ನೋದನ್ನ ಅಲ್ಲೇ ಕಲಿತೆ."

ಮೊದಲ ವಾಕ್ಯದ ಒಪ್ಪಿಗೆ ಇಲ್ಲಿ ಮುಖ್ಯ. ಅದನ್ನು ಬಿಟ್ಟು ನೇರ ಸಮರ್ಥನೆಗೆ ಇಳಿದರೆ ಸಂದರ್ಶಕರಿಗೆ ಹಿಡಿಯಲು ಜುಟ್ಟು ಸಿಕ್ಕಂತೆ, "ಅಂದ್ರೆ ಕೆಲಸ ಇರ್ಲಿಲ್ಲ ತಾನೇ?" ಎಂದು ಅಲ್ಲೇ ಎಳೆಯುತ್ತಾರೆ. ನೀವೇ ಒಪ್ಪಿಕೊಂಡಿದ್ದರೆ ಎಳೆಯಲು ಏನೂ ಉಳಿಯುವುದಿಲ್ಲ.

ಈ ಉತ್ತರಗಳನ್ನು ಮನಸ್ಸಿನಲ್ಲಿ ಓದಿಕೊಂಡರೆ ಸಾಲದು. ಇಬ್ಬರು ಗೆಳೆಯರನ್ನು ಕೂರಿಸಿ, 20 ನಿಮಿಷ ಅಲಾರಂ ಇಟ್ಟು, ಒಬ್ಬರಿಗೆ ಕೆಣಕುವ ಕೆಲಸ, ಇನ್ನೊಬ್ಬರಿಗೆ ಮುಖದಲ್ಲಿ ಯಾವ ಭಾವನೆಯನ್ನೂ ತೋರಿಸದೆ ಸುಮ್ಮನೆ ಕೂರುವ ಕೆಲಸ ಕೊಡಿ. ಎರಡನೆಯವರನ್ನು ಎದುರಿಸುವುದು ಹೆಚ್ಚು ಕಷ್ಟ ಎಂದು ಕೂಡಲೇ ತಿಳಿಯುತ್ತದೆ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಾಲಯದಲ್ಲಿ ಮನುಷ್ಯರಿಗೆ ಒತ್ತಡ ತರಿಸುವ ಒಂದು ಪರೀಕ್ಷೆ ರೂಪಿಸಿದರು. ಇವತ್ತಿಗೂ ಜಗತ್ತಿನ ತುಂಬ ಅದನ್ನೇ ಬಳಸುತ್ತಾರೆ. ಅದರಲ್ಲಿರುವುದು ಅಣಕು ಉದ್ಯೋಗ ಸಂದರ್ಶನವೇ. ಐದು ನಿಮಿಷ ನಿಮ್ಮ ಬಗ್ಗೆ ಮಾತಾಡಬೇಕು, ಆಮೇಲೆ ಐದು ನಿಮಿಷ 1022ರಿಂದ 13ನ್ನು ಕಳೆಯುತ್ತ ಹೋಗಬೇಕು, ತಪ್ಪಿದರೆ ಮತ್ತೆ 1022ರಿಂದ ಶುರು. ಎದುರಿಗೆ ಕೂತವರು ಬೈಯುವುದೇ ಇಲ್ಲ. ನಗುವುದಿಲ್ಲ, ತಲೆಯಾಡಿಸುವುದಿಲ್ಲ, ಅಷ್ಟೇ. ಅಷ್ಟಕ್ಕೇ ಹೆಚ್ಚಿನವರ ಎದೆ ಹೊಡೆದುಕೊಳ್ಳುತ್ತದೆ. ಮುಂದೆ 2004ರಲ್ಲಿ ಇಂಥ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ದೇಹವನ್ನು ಹೆಚ್ಚು ಕದಡುವುದು ಎರಡು ಸಂಗತಿ ಸೇರಿದಾಗ ಎಂದು ಕಂಡಿತು: ನಾಲ್ಕು ಜನ ನಮ್ಮನ್ನು ಅಳೆಯುತ್ತಿದ್ದಾರೆ ಎಂಬ ಭಯ ಮತ್ತು ಏನು ಮಾಡಿದರೂ ಪರಿಸ್ಥಿತಿ ಕೈಗೆ ಸಿಗದಿರುವುದು.

ಮೊದಲನೆಯದನ್ನು ನೀವು ತಪ್ಪಿಸಲಾರಿರಿ. ಎರಡನೆಯದರಲ್ಲಿ ಸ್ವಲ್ಪ ಹಿಡಿತ ವಾಪಸ್ ಪಡೆಯಬಹುದು. ಯಾವಾಗ ಉಸಿರಾಡುತ್ತೀರಿ, ಯಾವ ಪ್ರಶ್ನೆಗೆ ಉತ್ತರಿಸುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಎಂಬ ಮೂರು ನಿಮ್ಮ ಕೈಯಲ್ಲೇ ಇವೆ. ಮುಂದೆ ಹೇಳುವುದೆಲ್ಲ ಈ ಮೂರರ ವಿಸ್ತಾರ.

ಮೊದಲ ನಿಮಿಷ: ಬಾಯಿ ಒಣಗಿದಾಗ

ಅವಮಾನದ ಮಾತು ಬಿದ್ದ ಕೆಲವೇ ಸೆಕೆಂಡಿನಲ್ಲಿ ಅಡ್ರಿನಾಲಿನ್ ಏರುತ್ತದೆ. ಎದೆ ಬಡಿತ ಜೋರಾಗುತ್ತದೆ, ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ. ಈ ಸ್ಥಿತಿಯಲ್ಲಿ ಬಾಯಿ ತೆರೆದರೆ ದನಿ ತೆಳ್ಳಗೆ, ಎತ್ತರಕ್ಕೆ ಹೋಗುತ್ತದೆ. ನಿಮ್ಮದೇ ದನಿ ನಡುಗಿದ್ದು ನಿಮ್ಮ ಕಿವಿಗೆ ಬಿದ್ದರೆ ಇನ್ನಷ್ಟು ಗಾಬರಿ.

ಇದಕ್ಕೆ ಮದ್ದು ಉಸಿರು ಬಿಡುವುದರಲ್ಲಿದೆ. ಗಾಬರಿಯಾದವರಿಗೆ "ಉಸಿರು ಎಳ್ಕೊಳ್ಳಿ" ಎಂದು ಹೇಳುವ ರೂಢಿ ಇದೆಯಲ್ಲ, ಅದರಿಂದ ಎದೆ ಇನ್ನೂ ಬಿಗಿಯುತ್ತದೆ. ಉಸಿರು ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಬಿಡುವಾಗ ಇಳಿಯುತ್ತದೆ. ಹಾಗಾಗಿ ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿರಬೇಕು. ಹೊರಗೆ ಕಾಯುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಮೂಗಿನಿಂದ ಎಳೆದು, ಆರು ಎಣಿಸುತ್ತ ನಿಧಾನ ಬಿಡಿ. ಐದು ನಿಮಿಷ ಹೀಗೇ ಮಾಡಿ. ಒಳಗೆ ಎಣಿಸಿಕೊಂಡು ಕೂರಲಾಗುವುದಿಲ್ಲ. ಅಲ್ಲಿ ಪ್ರತಿ ಪ್ರಶ್ನೆ ಮುಗಿದ ಮೇಲೆ ಒಂದು ಸಲ ಪೂರ್ತಿ ಉಸಿರು ಬಿಟ್ಟು ಆಮೇಲೆ ಮಾತು ಶುರು ಮಾಡಿದರೆ ಸಾಕು. ಅದಕ್ಕೆ ಎರಡು ಸೆಕೆಂಡ್ ಹಿಡಿಯುತ್ತದೆ. ನಿಮಗೆ ಅದು ಯುಗವೆನಿಸುತ್ತದೆ. ಎದುರಿನವರಿಗೆ ನೀವು ಯೋಚಿಸಿ ಮಾತಾಡುವವರಂತೆ ಕಾಣುತ್ತೀರಿ.

ಮೈಗೆ ಸಂಬಂಧಿಸಿದ ಇನ್ನೆರಡು ಚಿಕ್ಕ ವಿಷಯ. ಕೈ ನಡುಗುವುದಿದ್ದರೆ ಒಂಟಿ ಹಾಳೆ, ಪೆನ್ನು ಹಿಡಿಯಬೇಡಿ. ಹಾಳೆಯ ತುದಿ ಅಲುಗಾಡಿ ನಿಮ್ಮ ಗುಟ್ಟು ಬಿಟ್ಟುಕೊಡುತ್ತದೆ. ಕೈಗಳು ತೊಡೆಯ ಮೇಲಿರಲಿ, ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ಊರಿರಲಿ. ಬೆಳಗ್ಗೆ ಒಂದು ಲೋಟ ಕಾಫಿಯ ಅಭ್ಯಾಸವಿದ್ದರೆ ಅಷ್ಟೇ ಕುಡಿಯಿರಿ. ಕಾಯುವಾಗ ಹೊತ್ತು ಹೋಗದೆಂದು ಮೆಷಿನ್ನಿನಿಂದ ಇನ್ನೆರಡು ಕಪ್ ಹೀರಿದರೆ, ಕಾಫಿಯ ನಡುಕ ಯಾವುದು ಭಯದ ನಡುಕ ಯಾವುದು ಎಂದು ನಿಮಗೇ ತಿಳಿಯುವುದಿಲ್ಲ.

ಬೈಗುಳದೊಳಗಿನ ಪ್ರಶ್ನೆಯನ್ನು ಹೆಕ್ಕಿ ತೆಗೆಯುವುದು

ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಕಿರುವುದು ಇದಕ್ಕೆ. ಒರಟು ಮಾತಿನಲ್ಲಿ ಸಾಮಾನ್ಯವಾಗಿ ಎರಡು ಪದರ ಇರುತ್ತದೆ. "14 ತಿಂಗಳು ಮನೇಲಿ ಟಿವಿ ನೋಡ್ತಿದ್ರಾ?" ಎಂಬುದರ ಮೇಲಿನ ಪದರ ಕುಟುಕು. ಕೆಳಗಿನದು "ಆ 14 ತಿಂಗಳು ಏನು ಮಾಡಿದಿರಿ?" ಎಂಬ, ಯಾವ ಸಂದರ್ಶಕನಾದರೂ ಕೇಳಬಹುದಾದ ಪ್ರಶ್ನೆ. ನೀವು ಉತ್ತರ ಕೊಡಬೇಕಾದದ್ದು ಕೆಳಗಿನದಕ್ಕೆ ಮಾತ್ರ. ಮೇಲಿನದನ್ನು ಮುಟ್ಟಲೇಬೇಡಿ.

ಹೆಚ್ಚಿನವರು ಎಡವುವುದು ಇಲ್ಲಿ. "ಇಲ್ಲ ಸರ್, ನಾನು ಟಿವಿ ನೋಡ್ತಿರ್ಲಿಲ್ಲ, ನಮ್ಮ ಮನೇಲಿ ಟಿವಿ ನೋಡೋಕೆ ಟೈಮೇ ಇರಲ್ಲ" ಎಂದು ಶುರು ಮಾಡುತ್ತಾರೆ. ಈಗ ಮಾತು ಟಿವಿಯ ಮೇಲೆ ನಡೆಯುತ್ತಿದೆ. ಸಂದರ್ಶಕರು ಆಯ್ದ ಪದವನ್ನು ನೀವು ಬಾಯಿಗೆ ತಂದುಕೊಂಡ ಕೂಡಲೇ ಆಟ ಅವರ ಅಂಗಳಕ್ಕೆ ಹೋಯಿತು. ಹಾಗಾಗಿ ಅವರ ಕುಟುಕು ಪದವನ್ನು ನಿಮ್ಮ ಉತ್ತರದಲ್ಲಿ ಒಮ್ಮೆಯೂ ಬಳಸಬಾರದು. ರೇಖಾ ಉಸಿರು ಬಿಟ್ಟು, "ಆ 14 ತಿಂಗಳಲ್ಲಿ ಏನು ಮಾಡಿದೆ ಅಂತ ಹೇಳ್ತೀನಿ ಸರ್" ಎಂದು, ಸಿದ್ಧಪಡಿಸಿದ ಮೂರು ವಾಕ್ಯಕ್ಕೆ ಹೋಗುತ್ತಾಳೆ. ಆ ಮೊದಲ ಸಾಲು ನೋಡಿ, ಪ್ರಶ್ನೆಯನ್ನು ಅವಳೇ ಸಭ್ಯ ಮಾತಿನಲ್ಲಿ ಮತ್ತೆ ಕೇಳಿಕೊಂಡಿದ್ದಾಳೆ. ತುಟಿಗೆ ಉತ್ತರ ಬರಲು ಬೇಕಾದ ನಾಲ್ಕು ಸೆಕೆಂಡ್ ಕೂಡ ಅದರಿಂದಲೇ ಸಿಕ್ಕಿತು.

ಕೆಲವು ಮಾತಿನಲ್ಲಿ ಕೆಳಗಿನ ಪದರವೇ ಇರುವುದಿಲ್ಲ. "ನಿಮ್ಮನ್ನ ನೋಡಿದ್ರೆ ಸೇಲ್ಸ್‌ಗೆ ಲಾಯಕ್ಕಿಲ್ಲ ಅನ್ಸುತ್ತೆ" ಎನ್ನುವುದು ಪ್ರಶ್ನೆಯಲ್ಲ, ತೀರ್ಪು. ಅದಕ್ಕೆ ವಾದ ಹೂಡದೆ ಪ್ರಶ್ನೆಯನ್ನು ನೀವೇ ಹುಟ್ಟಿಸಿ: "ಯಾವ ವಿಷಯದಲ್ಲಿ ಕಡಿಮೆ ಅನ್ಸುತ್ತೆ ಹೇಳಿದ್ರೆ, ಅದಕ್ಕೆ ಸಂಬಂಧಪಟ್ಟ ಉದಾಹರಣೆ ಕೊಡ್ತೀನಿ ಸರ್." ಇದನ್ನು ಸವಾಲಿನ ದನಿಯಲ್ಲಿ ಹೇಳಿದರೆ ಕೆಡುತ್ತದೆ, ಅಂಗಡಿಗೆ ಬಂದ ಗಿರಾಕಿಗೆ "ಯಾವ ಸೈಜ್ ಬೇಕಿತ್ತು?" ಎಂದು ಕೇಳುವ ದನಿ ಸಾಕು. ಅವರು ನಿರ್ದಿಷ್ಟವಾಗಿ ಏನಾದರೂ ಹೇಳಿದರೆ ಉತ್ತರಿಸಲು ದಾರಿಯಾಯಿತು. ಹೇಳದೆ ಹೋದರೆ, ಆ ತೀರ್ಪಿಗೆ ಬುಡವಿಲ್ಲವೆಂದು ಪಕ್ಕದಲ್ಲಿ ಬರೆದುಕೊಳ್ಳುತ್ತಿರುವವರಿಗೂ ಕಂಡಿತು.

ಇನ್ನೊಂದು ಸೂಕ್ಷ್ಮ: ಏಕವಚನ. "ನೀನು ಹೇಳಮ್ಮ", "ಏನಪ್ಪಾ, ಗೊತ್ತಿಲ್ವಾ?" ಎಂದು ಕರೆದಾಗ ಕನ್ನಡದವರಿಗೆ ಆಗುವ ಉರಿ ಇಂಗ್ಲಿಷಿನ ಯಾವ ಮಾತಿನಿಂದಲೂ ಆಗುವುದಿಲ್ಲ. ಕೆಲವರು ಊರಿನ ರೂಢಿಯಿಂದ, ವಯಸ್ಸಿನ ಸಲುಗೆಯಿಂದ ಹಾಗೆ ಕರೆಯುತ್ತಾರೆ, ಕೆಲವರು ಬೇಕೆಂದೇ. ಎರಡಕ್ಕೂ ನೀವು ಬಹುವಚನದಲ್ಲೇ ಮುಂದುವರಿಯಿರಿ. ಆದರೆ "ಸರ್, ಸರ್" ಎಂದು ವಾಕ್ಯಕ್ಕೆ ಮೂರು ಸಲ ಸೇರಿಸುವುದು ಬೇಡ. ಉತ್ತರಕ್ಕೊಂದು ಸಾಕು. ಅದಕ್ಕಿಂತ ಹೆಚ್ಚಾದರೆ ಬೇಡಿಕೊಂಡಂತೆ ಕೇಳಿಸುತ್ತದೆ.

ನಡುವೆ ಬಾಯಿ ಹಾಕುವವರೂ ಉಂಟು. ನಿಮ್ಮ ಎರಡನೇ ವಾಕ್ಯದಲ್ಲೇ "ಸಾಕು ಸಾಕು, ಮುಂದಿನದು ಹೇಳಿ" ಎಂದರೆ ನಿಲ್ಲಿಸಿಬಿಡಿ. ಅವರ ದನಿಯ ಮೇಲೆ ದನಿ ಏರಿಸಿ ವಾಕ್ಯ ಮುಗಿಸಲು ಹೋಗಬೇಡಿ. ಆ ಉತ್ತರ ಕೆಲಸಕ್ಕೆ ನಿಜವಾಗಿ ಮುಖ್ಯವಾಗಿದ್ದರೆ ಮಾತ್ರ, ಅವರು ಮಾತು ಮುಗಿಸಿದ ಮೇಲೆ, "ಹಿಂದಿನದರಲ್ಲಿ ಒಂದೇ ವಾಕ್ಯ ಬಾಕಿ ಇದೆ, ಹೇಳಿ ಮುಂದಕ್ಕೆ ಹೋಗ್ಲಾ?" ಎಂದು ಕೇಳಿ. ಇಡೀ ಸಂದರ್ಶನದಲ್ಲಿ ಇದನ್ನು ಒಂದು ಸಲ ಬಳಸಬಹುದು. ಮೂರು ಸಲ ಕೇಳಿದರೆ ಹಟಮಾರಿ ಎನ್ನಿಸುತ್ತದೆ.

ಅವರು ಸುಮ್ಮನಾದಾಗ

ಉತ್ತರ ಮುಗಿಯಿತು. ಎದುರಿನವರು ಏನೂ ಹೇಳುವುದಿಲ್ಲ. ನೋಡುತ್ತಲೇ ಇದ್ದಾರೆ. ಐದು ಸೆಕೆಂಡ್, ಎಂಟು ಸೆಕೆಂಡ್. ಟ್ರಿಯರ್‌ನ ಪರೀಕ್ಷೆಯಲ್ಲಿ ಮಾತು ನಿಲ್ಲಿಸಿದವರ ಎದುರು 20 ಸೆಕೆಂಡ್ ಸುಮ್ಮನೆ ಕೂರುವುದು ವಿಧಾನದ ಒಂದು ಭಾಗವೇ ಆಗಿದೆ.

ಬೈದಾಗ ಗಟ್ಟಿಯಾಗಿ ನಿಂತವರು ಇಲ್ಲಿ ಕುಸಿಯುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಯಾರೂ ಕಳ್ಳ ಎನ್ನದೆಯೇ ಹೆಗಲು ಮುಟ್ಟಿಕೊಳ್ಳುತ್ತಾರೆ. ರೇಖಾ ಮೂರು ವಾಕ್ಯದ ಒಳ್ಳೆಯ ಉತ್ತರ ಕೊಟ್ಟಿದ್ದಾಳೆ. ಮೌನ ತಡೆಯಲಾಗದೆ, "ಅಂದ್ರೆ ಸರ್, ಅಂಗಡಿ ಲೆಕ್ಕ ಅಂದ್ರೆ ದೊಡ್ಡದೇನಲ್ಲ... ಮೇನ್ಸ್ ಕೂಡ ಇನ್ನೊಂದ್ಸಲ ಬರೀಬೇಕು ಅಂತಿದೀನಿ..." ಎಂದು ಸೇರಿಸುತ್ತಾಳೆ. ಮೊದಲ ತುಂಡಿನಲ್ಲಿ ತನ್ನ ಅನುಭವವನ್ನು ತಾನೇ ಕಡಿಮೆ ಮಾಡಿಕೊಂಡಳು. ಎರಡನೆಯದರಲ್ಲಿ ಈ ಕೆಲಸ ಬಿಟ್ಟು ಹೋಗುವವಳು ಎಂದು ತಾನೇ ಹೇಳಿಕೊಟ್ಟಳು. ಸಂದರ್ಶಕರು ಒಂದು ಪದವನ್ನೂ ಖರ್ಚು ಮಾಡಲಿಲ್ಲ.

ಕೊನೆಯ ವಾಕ್ಯದ ಕೊನೆಯ ಪದದಲ್ಲಿ ದನಿ ಇಳಿಸಿ ನಿಲ್ಲಿಸುವುದನ್ನು ಕಲಿಯಿರಿ. "ಅಲ್ಲೇ ಕಲಿತೆ..." ಎಂದು ಎಳೆದರೆ ಬಾಗಿಲು ತೆರೆದಿಟ್ಟಂತೆ, ಮುಂದೆ ಏನೋ ಇದೆ ಎಂದು ಅವರೂ ಕಾಯುತ್ತಾರೆ, ನೀವೂ ತುಂಬಲು ಹೊರಡುತ್ತೀರಿ. ನಿಲ್ಲಿಸಿದ ಮೇಲೆ ಅವರನ್ನು ದಿಟ್ಟಿಸಿ ನೋಡುವುದೂ ಬೇಡ, ನೆಲ ನೋಡುವುದೂ ಬೇಡ. ಒಮ್ಮೆ ಅವರ ಮುಖ, ಒಮ್ಮೆ ಪಕ್ಕದವರ ಮುಖ, ಅಷ್ಟು ಹೊತ್ತಿಗೆ ಒಂದು ನಿಧಾನದ ಉಸಿರು. ಹತ್ತು ಸೆಕೆಂಡ್ ದಾಟಿದರೆ, "ಇದರಲ್ಲಿ ಇನ್ನೇನಾದ್ರೂ ವಿವರ ಬೇಕಿತ್ತಾ ಸರ್?" ಎಂದು ಚೆಂಡನ್ನು ಅತ್ತ ತಳ್ಳಿ. ಮನೆಯಲ್ಲಿ ಅಭ್ಯಾಸಕ್ಕೆ ಕೂತ ಗೆಳೆಯನಿಗೆ ಮೌನದ ಪಾತ್ರ ಕೊಟ್ಟದ್ದು ಇದಕ್ಕಾಗಿಯೇ.

"ತಪ್ಪು" ಎಂದಾಗ

ಸೇಲ್ಸ್, ಬ್ಯಾಂಕ್ ಸಂದರ್ಶನಗಳಲ್ಲಿ ಕುಟುಕಿನ ನಡುವೆ ತಟಕ್ಕನೆ ಒಂದು ಬಾಯಿಲೆಕ್ಕ ತೂರಿ ಬರುತ್ತದೆ. "8 ಲಕ್ಷ ಸಾಲ, ವರ್ಷಕ್ಕೆ ಹತ್ತೂವರೆ ಪರ್ಸೆಂಟ್. ಮೊದಲ ತಿಂಗಳ ಬಡ್ಡಿ ಎಷ್ಟು? ಬೇಗ!" ಎದೆ ಹೊಡೆದುಕೊಳ್ಳುವಾಗ ನಾಲ್ಕು ಅಂಕಿಯನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಆದ್ದರಿಂದ ತಲೆಯೊಳಗೆ ಮಾಡದೆ ಬಾಯಿಬಿಟ್ಟು ಮಾಡಿ: "8 ಲಕ್ಷಕ್ಕೆ ಹತ್ತು ಪರ್ಸೆಂಟ್ ಅಂದ್ರೆ 80 ಸಾವಿರ, ಅರ್ಧ ಪರ್ಸೆಂಟ್ 4 ಸಾವಿರ, ಒಟ್ಟು ವರ್ಷಕ್ಕೆ 84 ಸಾವಿರ. 12ರಿಂದ ಭಾಗಿಸಿದ್ರೆ ತಿಂಗಳಿಗೆ 7 ಸಾವಿರ." ಹೀಗೆ ಹೇಳುತ್ತ ಹೋದರೆ ಕೊನೆಯಲ್ಲಿ ಎಡವಿದರೂ ದಾರಿ ಸರಿಯಿತ್ತೆಂದು ಅವರಿಗೆ ತಿಳಿಯುತ್ತದೆ.

ಈಗ ಅವರು "ತಪ್ಪು" ಎನ್ನುತ್ತಾರೆ. ಉತ್ತರ ಸರಿಯಿದ್ದರೂ. ಇದು ಹಳೆಯ ಪಟ್ಟು. ಒತ್ತಡ ಬಿದ್ದಾಗ ನೀವು ಸರಿಯಾದದ್ದನ್ನೂ ಬಿಟ್ಟುಕೊಡುತ್ತೀರಾ, ಇಲ್ಲ ಜಗಳಕ್ಕೆ ನಿಲ್ಲುತ್ತೀರಾ ಎಂದು ನೋಡುವುದು. ಎರಡೂ ಬೇಡ. "ಇನ್ನೊಮ್ಮೆ ನೋಡ್ತೀನಿ ಸರ್" ಎಂದು ಅದೇ ಹೆಜ್ಜೆಗಳನ್ನು ಒಂದೇ ಒಂದು ಸಲ ಗಟ್ಟಿಯಾಗಿ ಮತ್ತೆ ಮಾಡಿ. ತಪ್ಪು ಸಿಕ್ಕರೆ "ಹೌದು, ಇಲ್ಲಿ ತಪ್ಪಿದೆ, ಸರಿಯಾದದ್ದು ಇಷ್ಟು" ಎಂದು ಹೇಳಿ ಮುಗಿಸಿ, ಕ್ಷಮೆ ಕೇಳುತ್ತ ಕೂರಬೇಡಿ. ಮತ್ತೆ ಅದೇ ಉತ್ತರ ಬಂದರೆ, "ನನ್ನ ಲೆಕ್ಕಕ್ಕೆ 7 ಸಾವಿರವೇ ಬರ್ತಿದೆ. ಬೇರೆ ರೀತಿ ಲೆಕ್ಕ ಹಾಕೋದಿದ್ರೆ ಹೇಳಿ, ಹಾಗೆ ಮಾಡ್ತೀನಿ" ಎನ್ನಿ. ಮೂರನೇ ಸಲ ಪರೀಕ್ಷಿಸಲು ಹೋಗಬೇಡಿ. ಎರಡನೇ ಸಲ ಸರಿಯಾದದ್ದು ಮೂರನೇ ಸಲ ಬೆದರಿದ ತಲೆಯಲ್ಲಿ ಕೆಡುವ ಸಂಭವವೇ ಹೆಚ್ಚು.

ಅಭಿಪ್ರಾಯದ ವಿಷಯದಲ್ಲಿ ಇಷ್ಟು ಗಟ್ಟಿ ನಿಲ್ಲಬೇಕಿಲ್ಲ. ಲೆಕ್ಕ, ದಿನಾಂಕ, ನೀವೇ ಮಾಡಿದ ಕೆಲಸ, ಇವುಗಳಲ್ಲಿ ಕದಲಬೇಡಿ. "ಹಳ್ಳಿಯವರಿಗೆ ಬ್ಯಾಂಕ್ ಸಾಲ ಮಾರೋದು ಸುಲಭ ಅಂತೀರಾ?" ಎಂಬಂಥದ್ದಕ್ಕೆ "ನಾನು ನೋಡಿರೋದು ನಮ್ಮ ಕಡೆಯ ರೈತರನ್ನ ಮಾತ್ರ, ಅಲ್ಲಿ ಹೀಗಿತ್ತು" ಎಂದು ನಿಮ್ಮ ಮಾತಿನ ಎಲ್ಲೆಯನ್ನು ನೀವೇ ಹೇಳಿಬಿಟ್ಟರೆ ಎದುರಿನವರಿಗೆ ಹೊಡೆಯಲು ಗುರಿ ಸಿಗುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಗಾಬರಿಯಾದಾಗ ಮೊದಲು ಕೈಕೊಡುವುದು ಇಂಗ್ಲಿಷ್. ಗೊತ್ತಿದ್ದ ಪದವೇ ಬಾಯಿಗೆ ಬರುವುದಿಲ್ಲ, ಅಷ್ಟರಲ್ಲಿ "ಇಂಗ್ಲಿಷೂ ಬರಲ್ವಾ?" ಎಂಬ ಕುಟುಕು. ಆಗ ವಾಕ್ಯ ಚಿಕ್ಕದು ಮಾಡಿ, ಏಳೆಂಟು ಪದಕ್ಕೊಂದು ಪೂರ್ಣವಿರಾಮ. ಉದ್ದ ವಾಕ್ಯದ ನಡುವೆ ವ್ಯಾಕರಣ ಕೈಬಿಟ್ಟರೆ ಹಿಂದಕ್ಕೂ ಹೋಗಲಾಗದು, ಮುಂದಕ್ಕೂ ಹೋಗಲಾಗದು. ತೀರಾ ಸಿಕ್ಕಿಕೊಂಡರೆ ಆ ಒಂದು ವಿಷಯವನ್ನು ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿ. ಕರ್ನಾಟಕದಲ್ಲಿ ಗಿರಾಕಿಗಳ ಜೊತೆ ಮಾತಾಡುವ ಕೆಲಸಕ್ಕೆ ಕನ್ನಡ ಅರ್ಹತೆಯೇ. ಅದನ್ನು ತಪ್ಪೊಪ್ಪಿಗೆಯ ದನಿಯಲ್ಲಿ ಕೇಳಬೇಕಿಲ್ಲ.

ಬಿರುಗಾಳಿ ನಿಂತ ಮೇಲೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಓಎಸ್‌ಎಸ್ ತನ್ನ ಅಭ್ಯರ್ಥಿಗಳಿಗೆ ಒಂದು ಸ್ಟ್ರೆಸ್ ಇಂಟರ್ವ್ಯೂ ಇಟ್ಟಿತ್ತು. ರಾತ್ರಿ ಸರ್ಕಾರಿ ಕಚೇರಿಯಲ್ಲಿ ಗುಪ್ತ ಕಡತ ನೋಡುತ್ತ ಸಿಕ್ಕಿಬಿದ್ದಿದ್ದೀರಿ ಎಂದುಕೊಳ್ಳಿ, ಅಲ್ಲಿಗೆ ಯಾಕೆ ಹೋಗಿದ್ದಿರಿ ಎಂಬುದಕ್ಕೆ ಕಥೆ ಕಟ್ಟಲು 12 ನಿಮಿಷ. ಆಮೇಲೆ ಮುಖಕ್ಕೆ ದೀಪ ಬಿಟ್ಟು ಪ್ರಶ್ನೆಗಳ ಸುರಿಮಳೆ. ಅದು ಮುಗಿದ ಮೇಲೆ ಇನ್ನೊಂದು ಕೋಣೆಗೆ ಕಳಿಸುತ್ತಿದ್ದರು. ಅಲ್ಲಿದ್ದವರು ಸ್ನೇಹದಿಂದ ಮಾತಾಡಿಸುತ್ತಿದ್ದರು. ಅಭ್ಯರ್ಥಿಗಳು ತಮ್ಮ ನಿಜ ಹೆಸರು, ಊರು ಯಾವುದನ್ನೂ ಬಿಟ್ಟುಕೊಡಬಾರದೆಂಬ ನಿಯಮವಿತ್ತು. ಬೆಳಕು ಆರಿದ ಮೇಲಿನ ಆ ಹರಟೆಯೂ ಪರೀಕ್ಷೆಯೇ ಆಗಿತ್ತು. ನಿರಾಳವಾದ ಮನುಷ್ಯ ಬಾಯಿ ಸಡಿಲ ಬಿಡುತ್ತಾನೋ ಎಂದು ಅಲ್ಲಿ ನೋಡುತ್ತಿದ್ದರು.

ನಿಮ್ಮ ಕೋಣೆಯಲ್ಲೂ ಹೀಗೇ. ಕೊನೆಯಲ್ಲಿ ಒರಟು ಸಂದರ್ಶಕರು ನಕ್ಕು, "ಬೇಜಾರ್ ಮಾಡ್ಕೋಬೇಡಿ, ಸುಮ್ನೆ ನೋಡಿದ್ದು. ನಿಜ ಹೇಳಿ, ನಮ್ಮನ್ನ ಬೈಕೊಂಡ್ರಾ?" ಎನ್ನುತ್ತಾರೆ. ಮೈ ಸಡಿಲವಾಗುತ್ತದೆ, ಬಾಯಿಯೂ. "ನಿಜ ಹೇಳ್ಬೇಕಂದ್ರೆ ಸರ್, ಎದ್ದು ಹೋಗೋಣ ಅನ್ಸಿತ್ತು. ನಮ್ಮನೇಲೂ ಈ ಕೆಲಸ ಬೇಡ ಅಂತಿದ್ರು..." ಇಪ್ಪತ್ತು ನಿಮಿಷ ಹಿಡಿದಿಟ್ಟದ್ದು ಅರ್ಧ ನಿಮಿಷದಲ್ಲಿ ಚೆಲ್ಲಿತು. "ಪ್ರಶ್ನೆಗಳು ಕಷ್ಟ ಇದ್ವು ಸರ್, ಪರವಾಗಿಲ್ಲ. ಈ ಕೆಲಸದ ತಿಂಗಳ ಟಾರ್ಗೆಟ್ ಹೇಗಿರುತ್ತೆ, ಕೇಳಬಹುದಾ?" ಎಂದರೆ ಸಾಕು. ನಗಬಹುದು, ನಗಲೂಬೇಕು. ಒಳಮಾತು ಮಾತ್ರ ಬಸ್ ಹತ್ತುವ ತನಕ ಒಳಗೇ ಇರಲಿ.

ಹೊರಗೆ ಬಂದ ಮೇಲೂ ದೇಹ ಕೂಡಲೇ ತಣ್ಣಗಾಗುವುದಿಲ್ಲ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಡ್ರಿನಾಲಿನ್‌ನಷ್ಟು ಚುರುಕಲ್ಲ. ಒತ್ತಡ ಶುರುವಾಗಿ 20–30 ನಿಮಿಷದ ಹೊತ್ತಿಗೆ ತುದಿ ಮುಟ್ಟುತ್ತದೆ. ಅಂದರೆ ನೀವು ಲಿಫ್ಟ್ ಇಳಿದು ರಸ್ತೆಗೆ ಬರುವ ವೇಳೆಗೆ. ಎಚ್‌ಆರ್‌ಗೆ ಉರಿಯುವ ಇಮೇಲ್ ಬರೆಯಬೇಕು, ಕೆಲಸ ಕೊಟ್ಟರೂ ಬೇಡ ಎನ್ನಬೇಕು ಎಂದು ಅನಿಸುವುದು ಸರಿಯಾಗಿ ಆಗಲೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಅರ್ಧ ಗಂಟೆ ನಡೆಯಿರಿ, ಊಟ ಮಾಡಿ. ಕೇಳಿದ ಪ್ರಶ್ನೆಗಳನ್ನು ನೆನಪಿದ್ದಂತೆ ಬರೆದಿಡಿ. ನಿರ್ಧಾರ ಮಾರನೆಯ ದಿನಕ್ಕಿರಲಿ. ಆಗ ಕೇಳಿಕೊಳ್ಳಬೇಕಾದ ಒಂದು ವಿಷಯವಿದೆ: ಕೆಣಕಿದವರು ನಿಮ್ಮ ಮುಂದಿನ ಬಾಸ್ ಆಗುವವರೋ, ಸಂದರ್ಶನಕ್ಕಷ್ಟೇ ಬಂದವರೋ? ಮೊದಲನೆಯದಾಗಿದ್ದು, ಕೊನೆಯವರೆಗೂ ದನಿ ಮೆತ್ತಗಾಗಿರದಿದ್ದರೆ, ನೀವು ನೋಡಿದ್ದು ಆ ಕಚೇರಿಯ ನಿತ್ಯದ ದಿನಚರಿಯೇ ಇರಬಹುದು.

ಸಹಿಸಬೇಕಿಲ್ಲದ ಮಾತು

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಂಕ, ಅನುಭವ, ಲೆಕ್ಕ, ಇಂಗ್ಲಿಷ್ ಕುರಿತ ಒರಟುತನಕ್ಕೆ. ಜಾತಿ, ಧರ್ಮ, ಮೈಬಣ್ಣ, ಅಂಗವೈಕಲ್ಯದ ಬಗ್ಗೆ ಕೊಂಕು, ಲೈಂಗಿಕ ಧಾಟಿಯ ಮಾತು, ಇವು ಯಾವ ಕೆಲಸದ ಪರೀಕ್ಷೆಯೂ ಅಲ್ಲ. ಇವುಗಳಲ್ಲಿ ಹೆಕ್ಕಿ ತೆಗೆಯಲು ಪ್ರಶ್ನೆಯೇ ಇಲ್ಲ.

ಮದುವೆ, ಮಕ್ಕಳ ಪ್ರಶ್ನೆ ನಡುವೆ ಎಲ್ಲೋ ಬರುತ್ತದೆ. "ಮದುವೆ ಆದ್ಮೇಲೆ ಬಿಟ್ಟು ಹೋಗ್ತೀರಲ್ವಾ?" ಎಂದರೆ, ಕೆಲಸಕ್ಕೆ ತಾಗುವಷ್ಟನ್ನು ಮಾತ್ರ ಉತ್ತರಿಸಿ: "ಫೀಲ್ಡ್ ವಿಸಿಟ್‌ಗೆ, ಕೆಲಸದ ಸಮಯಕ್ಕೆ ನನ್ನ ಕಡೆಯಿಂದ ತೊಂದರೆ ಇಲ್ಲ ಮೇಡಂ. ಮನೆ ವಿಷಯ ಬೇಡ." ಇಷ್ಟನ್ನು ಮಾಮೂಲಿ ದನಿಯಲ್ಲಿ ಹೇಳಬಹುದು. ಗೆರೆ ಸ್ಪಷ್ಟವಾಗಿ ದಾಟಿದ ಮಾತಿಗೆ, "ಈ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಕೆಲಸದ ಬಗ್ಗೆ ಕೇಳಿ" ಎಂದು ಒಮ್ಮೆ ಹೇಳಿ. ಎರಡನೇ ಸಲವೂ ಅದೇ ಬಂದರೆ "ಇಲ್ಲಿಗೆ ನಿಲ್ಲಿಸ್ತೀನಿ, ನಮಸ್ಕಾರ" ಎಂದು ಫೈಲ್ ತೆಗೆದುಕೊಂಡು ಎದ್ದು ಬನ್ನಿ. ಬಾಗಿಲ ಬಳಿ ತಿರುಗಿ ಭಾಷಣ ಮಾಡುವುದು ಬೇಡ.

ಹೆಣ್ಣುಮಕ್ಕಳು ತಿಳಿದಿರಬೇಕಾದದ್ದು: ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ದೂರು ಕೊಡಬಲ್ಲ ಮಹಿಳೆ ಎಂದರೆ "ಉದ್ಯೋಗದಲ್ಲಿರಲಿ, ಇಲ್ಲದಿರಲಿ" ಎಂದೇ ಇದೆ. ಹಾಗಾಗಿ ಸಂದರ್ಶನಕ್ಕೆ ಹೋದವಳು ಇನ್ನೂ ನೌಕರಳಲ್ಲ ಎಂಬ ನೆಪ ನಡೆಯುವುದಿಲ್ಲ. ದೂರು ಬರವಣಿಗೆಯಲ್ಲಿ, ಆ ಕಂಪನಿಯ ಆಂತರಿಕ ಸಮಿತಿಗೆ, ಘಟನೆ ನಡೆದ ಮೂರು ತಿಂಗಳೊಳಗೆ ಹೋಗಬೇಕು. ತಡವಾಗಲು ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಅದಕ್ಕೆ ಬೇಕಾದ ವಿವರಗಳೆಂದರೆ ದಿನಾಂಕ, ಹೊತ್ತು, ಕೋಣೆಯಲ್ಲಿದ್ದವರು, ಹೇಳಿದ ಮಾತು ಹೇಳಿದ ಹಾಗೆಯೇ. ಸಂದರ್ಶನಕ್ಕೆ ಕರೆದ ಇಮೇಲ್ ಅಥವಾ ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ. ನೀವು ಆ ದಿನ ಅಲ್ಲಿದ್ದಿರಿ ಎಂಬುದಕ್ಕೆ ಹೆಚ್ಚಾಗಿ ಅದೊಂದೇ ಲಿಖಿತ ಸಾಕ್ಷಿ.